ಎಸ್‌ಒಪಿ ಬಾಲ್ಯದಿಂದಲೇ ಶುರುವಾಗಬೇಕಾ?

ಪ್ರಶ್ನೆ: ಮೇಡಂ, ಎಂಎಸ್‌ಗೆ ಅಪ್ಲೈ ಮಾಡ್ತಾ ಇದ್ದೀನಿ. ಅರ್ಜಿ ಜೊತೆ ಕೊಡುವ ಸ್ಟೇಟ್‌ಮೆಂಟ್ ಆಫ್ ಪರ್ಪಸ್‌ನಲ್ಲಿ, ಅಂದರೆ ಎಸ್‌ಒಪಿಯಲ್ಲಿ, ಎಲ್ಲವನ್ನೂ ಬರೆದಿದ್ದೀನಿ. ಆದರೂ ಓದಿದವರು ‘ಏನೋ ಹಿಡಿತ ಇಲ್ಲ’ ಅಂತಾರೆ. ಇನ್ನೇನು ಸೇರಿಸಲಿ?

ಏನೂ ಸೇರಿಸಬೇಡಿ. ಈ ಪ್ರಶ್ನೆ ಪ್ರತಿ ವರ್ಷ ಸೆಪ್ಟೆಂಬರ್ ಬಂತೆಂದರೆ ಬರುತ್ತದೆ, ನಾನೂ ಪ್ರತಿ ವರ್ಷ ಇದೇ ಉತ್ತರ ಕೊಡುತ್ತೇನೆ. ನಿಮ್ಮ ಸರಕು ಸಾಕಷ್ಟಿದೆ. ಇಟ್ಟ ಜಾಗ ಸರಿ ಇಲ್ಲ, ಅಷ್ಟೇ.

ಇದಕ್ಕೆ ಮೂಲ ಕಾರಣ ಒಂದು ನಂಬಿಕೆ. ಎಸ್‌ಒಪಿ ಅಂದರೆ ನಮ್ಮ ಕಥೆ, ಕಥೆ ಅಂದಮೇಲೆ ಹುಟ್ಟಿದಲ್ಲಿಂದ ಇವತ್ತಿನವರೆಗೆ ಸಾಲಾಗಿ ಹೇಳಬೇಕು ಅನ್ನುವುದು. ಎಷ್ಟು ಸಲ ಹೇಳಿದರೂ ಇದು ಹೋಗುವುದಿಲ್ಲ. ನನ್ನ ಕೈಗೆ ಬರುವ ಹತ್ತರಲ್ಲಿ ಎಂಟು ‘ಚಿಕ್ಕಂದಿನಿಂದಲೂ ನನಗೆ ವಿಜ್ಞಾನ ಅಂದರೆ ಬಹಳ ಇಷ್ಟ’ ಅಂತಲೇ ಶುರುವಾಗುತ್ತವೆ. ಆಮೇಲೆ ಎಸ್ಸೆಸ್ಸೆಲ್ಸಿ, ಪಿಯುಸಿ, ಬಿಇ, ಪ್ರಾಜೆಕ್ಟ್, ಕೆಲಸ, ಕೊನೆಗೆ ‘ನಿಮ್ಮ ವಿಶ್ವವಿಖ್ಯಾತ ವಿಶ್ವವಿದ್ಯಾಲಯ’. ಪೀಠಿಕೆ, ವಿಷಯ, ಉಪಸಂಹಾರ ಅಂತ ಶಾಲೆಯಲ್ಲಿ ಕಲಿತ ಪ್ರಬಂಧದ ಅಚ್ಚು ಇದು. ಜೊತೆಗೆ ಬಯೋಡೇಟಾದ ಅಭ್ಯಾಸವೂ ಸೇರಿಕೊಂಡಿದೆ.

ಓದುವವರ ಕಡೆಯಿಂದ ನೋಡಿ. ಆ ವಿಭಾಗದ ಪ್ರಾಧ್ಯಾಪಕರೊಬ್ಬರು ತಮ್ಮ ಪಾಠ, ಲ್ಯಾಬ್ ಮುಗಿಸಿ ಅರ್ಜಿಗಳ ಕಟ್ಟು ಹಿಡಿದು ಕೂತಿರುತ್ತಾರೆ. ನಿಮ್ಮ ಅಂಕಪಟ್ಟಿ ಅವರ ಮುಂದೆಯೇ ಇದೆ, ರೆಸ್ಯೂಮೆಯೂ ಇದೆ. ಯಾವ ವರ್ಷ ಏನು ಓದಿದಿರಿ, ಎಲ್ಲಿ ಕೆಲಸ ಮಾಡಿದಿರಿ ಅನ್ನುವುದು ಅವರಿಗೆ ಆಗಲೇ ಗೊತ್ತು. ಅದನ್ನೇ ಮತ್ತೆ ವಾಕ್ಯ ಮಾಡಿ ಹೇಳಿದರೆ ಅವರಿಗೆ ಹೊಸದಾಗಿ ಏನೂ ಸಿಗುವುದಿಲ್ಲ. ಅವರಿಗೆ ಬೇಕಾದ ಉತ್ತರಗಳು ಮೂರು. ಈಕೆಯನ್ನು ಕಾಡುತ್ತಿರುವ ಪ್ರಶ್ನೆ ಯಾವುದು? ಅದರ ಬೆನ್ನು ಹತ್ತಲು ಈಕೆ ಇಲ್ಲಿಯವರೆಗೆ ಏನು ಮಾಡಿದ್ದಾಳೆ? ಮುಂದಿನ ಹೆಜ್ಜೆಗೆ ನಮ್ಮಲ್ಲಿಗೇ ಯಾಕೆ ಬರಬೇಕು? ಕಾಲಕ್ರಮದಲ್ಲಿ ಬರೆದರೆ ಮೊದಲ ಉತ್ತರ ಎರಡನೇ ಪುಟಕ್ಕೆ ಹೋಗಿ ಬೀಳುತ್ತದೆ. ಅಲ್ಲಿಯವರೆಗೆ ಓದಿದ್ದನ್ನೆಲ್ಲ ಯಾವುದಕ್ಕೆ ಜೋಡಿಸಬೇಕು ಅಂತ ಅವರಿಗೆ ತಿಳಿಯುವುದಿಲ್ಲ.

‘ಕಾಡುವ ಪ್ರಶ್ನೆಯೇ ಮೊದಲು ಬರಬೇಕು ಅಂದರೆ, ಅದರ ಸ್ಫೂರ್ತಿ ಬಾಲ್ಯವೇ ಅಲ್ವಾ?’ ಅಂತ ಕೇಳುವವರಿದ್ದಾರೆ. ಅಲ್ಲ. ಇಷ್ಟ ಇರುವುದು ಬೇರೆ, ಪ್ರಶ್ನೆ ಹುಟ್ಟುವುದು ಬೇರೆ. ವಿಜ್ಞಾನ ಇಷ್ಟ ಅಂತ ಯಾರು ಬೇಕಾದರೂ ಬರೆಯಬಹುದು. ಪ್ರಶ್ನೆ ಮಾತ್ರ ಕೈಯಾರೆ ಏನಾದರೂ ಮಾಡಿ, ಅದು ಅಂದುಕೊಂಡ ಹಾಗೆ ಆಗದಿದ್ದಾಗಲೇ ಹುಟ್ಟುವುದು.

ಒಂದು ಉದಾಹರಣೆ ನೋಡೋಣ. ಕೆಲವರ ಎಸ್‌ಒಪಿ ಸೇರಿಸಿ ಪಾಠಕ್ಕಾಗಿ ನಾನೇ ಮಾಡಿಕೊಂಡದ್ದು. ಹುಡುಗಿ ಪಾವಗಡದ ಕಡೆಯವಳು, ಸಿವಿಲ್ ಇಂಜಿನಿಯರಿಂಗ್ ಮುಗಿಸಿ ಪರಿಸರ ಇಂಜಿನಿಯರಿಂಗ್‌ನಲ್ಲಿ ಎಂಎಸ್ ಮಾಡಬೇಕು ಅಂತಿದ್ದಾಳೆ. ಅವಳು ಬರೆದದ್ದು ಆರು ಪ್ಯಾರಾ: ಬಾಲ್ಯ, ಶಾಲೆ-ಪಿಯುಸಿ ಅಂಕ, ಬಿಇ, ಪ್ರಾಜೆಕ್ಟ್, ಎರಡು ವರ್ಷದ ಕೆಲಸ, ವಿಶ್ವವಿದ್ಯಾಲಯದ ಹೊಗಳಿಕೆ.

ನಾಲ್ಕನೇ ಪ್ಯಾರಾದ ನಡುವೆ ಹೀಗೊಂದು ಮಾತಿತ್ತು. ಕಾಲೇಜು ಲ್ಯಾಬಿನಲ್ಲಿ ಶುದ್ಧ ನೀರಿಗೆ ಫ್ಲೋರೈಡ್ ಬೆರೆಸಿ, ಫ್ಲೋರೈಡನ್ನು ಹಿಡಿದಿಡುವ ಆಕ್ಟಿವೇಟೆಡ್ ಅಲ್ಯುಮಿನಾ ತುಂಬಿದ ಕೊಳವೆಯಲ್ಲಿ ಹಾಯಿಸಿದಾಗ ಫಿಲ್ಟರ್ ಎರಡು ವಾರ ಚೆನ್ನಾಗಿ ಕೆಲಸ ಮಾಡಿತು. ಊರಿನ ಬೋರ್‌ವೆಲ್ ನೀರು ಹಾಯಿಸಿದಾಗ ಒಂದು ವಾರದೊಳಗೆ ಹೊರಬರುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಿಬಿಟ್ಟಿತು. ಕುಡಿಯುವ ನೀರಿಗೆ ಅದೇ ಕೊನೆಯ ಮಿತಿ. ಎರಡೂ ನೀರಿನಲ್ಲಿ ಫ್ಲೋರೈಡ್ ಅಷ್ಟೇ ಇತ್ತು, ಹಾಗಾದರೆ ಯಾಕೆ ಹೀಗಾಯಿತು? ಬೋರ್‌ವೆಲ್ ನೀರಿನಲ್ಲಿ ಬೈಕಾರ್ಬೊನೇಟ್ ಜಾಸ್ತಿ, ಅಲ್ಯುಮಿನಾದ ಮೇಲಿನ ಜಾಗಕ್ಕೆ ಅದೂ ಪೈಪೋಟಿ ಮಾಡುತ್ತದೆ.

ಇಡೀ ಎಸ್‌ಒಪಿಯ ಜೀವ ಇಲ್ಲೇ ಇದೆ. ಅದನ್ನು ಅವಳು ‘ಪ್ರಾಜೆಕ್ಟಿನಲ್ಲಿ ಕೆಲವು ಸವಾಲು ಎದುರಾದವು’ ಅನ್ನುವ ವಾಕ್ಯದ ಕೆಳಗೆ ಮುಚ್ಚಿಟ್ಟಿದ್ದಳು!

ಇಂಥದ್ದು ಕಂಡಾಗ ನಾನು ಪ್ರಿಂಟ್ ತೆಗೆಸಿ, ಕತ್ತರಿಯಲ್ಲಿ ಪ್ಯಾರಾಗಳನ್ನು ಬೇರೆ ಮಾಡಿ ಮೇಜಿನ ಮೇಲೆ ಹರಡಿಸುತ್ತೇನೆ. ಆ ಬೋರ್‌ವೆಲ್ ನೀರಿನ ವಾರ ಮೊದಲಿಗೆ ಬಂತು. ಅವಳ ಬಾಲ್ಯದಿಂದ ಒಂದೇ ವಾಕ್ಯ ಉಳಿಯಿತು: ಊರಿನಲ್ಲಿ ಜೊತೆಯ ಮಕ್ಕಳ ಹಲ್ಲಿನ ಮೇಲಿದ್ದ ಕಂದು ಕಲೆ. ಅದು ಫ್ಲೋರೈಡಿನ ಗುರುತು, ಹಾಗಾಗಿ ಆ ವಾಕ್ಯಕ್ಕೆ ಅಲ್ಲಿ ಕೆಲಸ ಇದೆ. ಎಸ್ಸೆಸ್ಸೆಲ್ಸಿ ಪ್ಯಾರಾ ಪೂರ್ತಿ ಹೋಯಿತು.

ನಂತರ ಎರಡನೇ ಉತ್ತರ, ಅಂದರೆ ಅವಳ ತಯಾರಿ. ಪ್ರಾಜೆಕ್ಟಿನ ಉಳಿದ ವಿವರ, ಅವಳು ಕಲಿತ ನೀರಿನ ರಸಾಯನಶಾಸ್ತ್ರ, ಆಮೇಲೆ ಕೆಲಸ. ಕೆಲಸ ಬರೀ ‘ಎರಡು ವರ್ಷ ಅನುಭವ’ ಆಗಿ ಬರಬಾರದು. ಅಲ್ಲಿ ಹಳ್ಳಿಯ ನೀರಿನ ಘಟಕಗಳು ನಿಂತುಹೋಗಿದ್ದನ್ನು ಅವಳು ನೋಡಿದ್ದಳು. ತುಂಬಿಹೋದ ಅಲ್ಯುಮಿನಾವನ್ನು ಕಾಸ್ಟಿಕ್ ಸೋಡಾ, ಆಮೇಲೆ ಆಮ್ಲ ಹಾಯಿಸಿ ಮತ್ತೆ ಚುರುಕು ಮಾಡಬೇಕು. ಅಲ್ಲಿ ಅದನ್ನು ಮಾಡುವವರೇ ಇರಲಿಲ್ಲ. ಲ್ಯಾಬಿನ ಪ್ರಶ್ನೆ ಇಲ್ಲಿ ಊರಿನ ಪ್ರಶ್ನೆ ಆಗಿ ಬೆಳೆಯುತ್ತದೆ.

ಇದಾದಮೇಲೆ ಹೆಚ್ಚಿನವರು ಬಿಟ್ಟೇಬಿಡುವ ಒಂದು ಮೆಟ್ಟಿಲಿದೆ. ‘ಇಷ್ಟು ನನಗೆ ಗೊತ್ತು, ಇದು ಗೊತ್ತಿಲ್ಲ’ ಅಂತ ನೇರವಾಗಿ ಹೇಳುವುದು. ಅವಳಿಗೆ ಕೊಳವೆ ಕಟ್ಟಿ ನಡೆಸಲು ಬರುತ್ತದೆ. ಫ್ಲೋರೈಡ್, ಬೈಕಾರ್ಬೊನೇಟ್‌ನಂಥ ಹಲವು ಅಯಾನುಗಳು ಒಂದೇ ಜಾಗಕ್ಕೆ ಪೈಪೋಟಿ ಮಾಡಿದರೆ ಫಿಲ್ಟರ್ ಎಷ್ಟು ದಿನ ಬಾಳುತ್ತದೆ ಅಂತ ಲೆಕ್ಕ ಹಾಕಲು ಬರುವುದಿಲ್ಲ. ಈ ಕೊರತೆ ಹೇಳಿದ ಮೇಲೇ ವಿಶ್ವವಿದ್ಯಾಲಯದ ಮಾತು ಬರಬೇಕು. ಆಗ ‘ನಿಮ್ಮಲ್ಲಿ ಈ ಕೋರ್ಸ್ ಇದೆ, ಈ ಲ್ಯಾಬಿನಲ್ಲಿ ಇದೇ ವಿಷಯ ನಡೆಯುತ್ತಿದೆ’ ಅನ್ನುವ ಮಾತು ಕೊರತೆಗೆ ಉತ್ತರವಾಗುತ್ತದೆ. ಕೊರತೆ ಹೇಳದೆ ಅದೇ ಮಾತು ಬರೆದರೆ ಸುಮ್ನೆ ಹೊಗಳಿದ ಹಾಗೆ ಕೇಳುತ್ತದೆ. ಅನುಮಾನ ಇದ್ದರೆ ಆ ಪ್ಯಾರಾದಲ್ಲಿ ವಿಶ್ವವಿದ್ಯಾಲಯದ ಹೆಸರು ತೆಗೆದು ಇನ್ನೊಂದರ ಹೆಸರು ಹಾಕಿ ಓದಿ. ಆಗಲೂ ಸರಿಹೋಗುತ್ತಿದ್ದರೆ ಅದು ಇನ್ನೂ ಬರೆದಾಗಿಲ್ಲ.

ಜೋಡಣೆ ಸರಿಯಾಗಿದೆಯೇ ಅಂತ ನೋಡಲು ಪ್ಯಾರಾಗಳ ಮೊದಲ ಪದ ಗಮನಿಸಿ. ಎಲ್ಲ ಕಡೆ ‘ಆಮೇಲೆ’, ‘ನಂತರ’ ಇದ್ದರೆ ಇನ್ನೂ ದಿನಚರಿಯಲ್ಲೇ ಇದ್ದೀರಿ. ‘ಆದರೆ’, ‘ಹಾಗಾಗಿ’ ಸಹಜವಾಗಿ ಕೂತರೆ ಒಂದು ಇನ್ನೊಂದನ್ನು ಎಳೆಯುತ್ತಿದೆ ಅಂತ ಅರ್ಥ. ಒಂದು ಎಚ್ಚರಿಕೆ: ವಿಶ್ವವಿದ್ಯಾಲಯವೇ ಇಂಥಿಂಥ ಪ್ರಶ್ನೆಗೆ ಇದೇ ಕ್ರಮದಲ್ಲಿ ಉತ್ತರಿಸಿ ಅಂದಿದ್ದರೆ ಅವರ ಕ್ರಮವೇ ನಡೆಯಬೇಕು. ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಂಥ ಕಡೆ ಎಸ್‌ಒಪಿ ಜೊತೆಗೆ ಪರ್ಸನಲ್ ಹಿಸ್ಟರಿ ಸ್ಟೇಟ್‌ಮೆಂಟ್ ಅಂತ ಬೇರೆಯೇ ಕೇಳುತ್ತಾರೆ. ಮನೆ, ಊರು, ದಾಟಿ ಬಂದ ಕಷ್ಟ ಎಲ್ಲವನ್ನೂ ಅಲ್ಲಿ ಧಾರಾಳವಾಗಿ ಬರೆಯಿರಿ.

ನೀವು ಕೇಳದಿದ್ದರೂ ಬ್ಯಾಕ್‌ಲಾಗ್, ಅಂದರೆ ಒಮ್ಮೆ ಫೇಲಾದ ಪೇಪರಿನ ಬಗ್ಗೆಯೂ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ಎಲ್ಲಿ ಇಡಬೇಕು ಅಂತ ತಿಳಿಯದೆ ಹಲವರು ಮೊದಲ ಪುಟದಲ್ಲೇ ಕ್ಷಮೆ ಕೇಳಿಬಿಡುತ್ತಾರೆ. ಅಂಕಪಟ್ಟಿಯಲ್ಲಿ ಅದು ಕಾಣುತ್ತದೆ, ಮುಚ್ಚಿಡಲು ಆಗುವುದಿಲ್ಲ. ನಿಮ್ಮ ಕ್ಷೇತ್ರಕ್ಕೆ ಸಂಬಂಧವಿಲ್ಲದ ವಿಷಯವಾದರೆ ಎಸ್‌ಒಪಿಯಲ್ಲಿ ಬೇಡ. ಅರ್ಜಿಯಲ್ಲಿ ಹೆಚ್ಚುವರಿ ಮಾಹಿತಿಗೆ ಜಾಗ ಇದ್ದರೆ ಅಲ್ಲಿ ಎರಡು ಸಾಲು ಸಾಕು. ಸಂಬಂಧವಿದ್ದರೆ ತಯಾರಿಯ ಭಾಗದಲ್ಲಿ, ಆ ಕೊರತೆ ತುಂಬಿಕೊಂಡ ಕೆಲಸದ ಪಕ್ಕದಲ್ಲೇ ಇಡಿ. ಈ ಹುಡುಗಿ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಒಮ್ಮೆ ಫೇಲಾಗಿದ್ದಳು. ಅದನ್ನು ಬಿಇ ಪ್ಯಾರಾದಿಂದ ತೆಗೆದು, ಕೆಲಸದಲ್ಲಿ ಅವಳೇ ಪೈಪ್‌ಲೈನ್ ಒತ್ತಡದ ಲೆಕ್ಕ ಮಾಡಿದ ವಾಕ್ಯದ ಜೊತೆಗೇ ಇಟ್ಟೆವು: ‘ಬಿಇಯಲ್ಲಿ ಈ ವಿಷಯ ನನಗೆ ಎರಡನೇ ಸಲಕ್ಕೆ ಪಾಸಾಯಿತು, ನಾಲ್ಕು ಹಳ್ಳಿಗಳ ಪೈಪ್‌ಲೈನ್ ಲೆಕ್ಕ ಮಾಡುವಾಗ ಅದನ್ನು ಮತ್ತೆ ಮೊದಲಿಂದ ಕಲಿತೆ.’