ಹಿರಿಯರ ಕಿವಿಯೂ ಟಿ.ವಿ.ಯ ಮೊದಲ ಸದ್ದೂ

ತೀರ್ಥಹಳ್ಳಿಯ ಹತ್ತಿರದ ಹಳ್ಳಿಯೊಂದರಲ್ಲಿರುವ ನನ್ನ ದೊಡ್ಡಮ್ಮನಿಗೆ 81 ವರ್ಷ. ಕಳೆದ ಮಳೆಗಾಲದ ಒಂದು ರಾತ್ರಿ ಮೊಮ್ಮಕ್ಕಳು ಹಂಚಿನ ಮೇಲೆ ಸುರಿಯುತ್ತಿದ್ದ ಮಳೆಯ ಸದ್ದನ್ನು ಮೀರಿ ಕ್ರಿಕೆಟ್ ಕೇಳಿಸಲೆಂದು ಟಿ.ವಿ.ಯ ವಾಲ್ಯೂಮನ್ನು 62ರವರೆಗೆ ಏರಿಸಿ, ಪಂದ್ಯ ಮುಗಿದ ಮೇಲೆ ಹಾಗೆಯೇ ಆಫ್ ಮಾಡಿ ಮಲಗಿದ್ದರು. ಬೆಳಿಗ್ಗೆ ಮಳೆ ನಿಂತು ಮನೆಯೆಲ್ಲ ನಿಶ್ಶಬ್ದವಾಗಿದ್ದಾಗ ದೊಡ್ಡಮ್ಮ ಒಂದು ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ರಿಮೋಟ್ ಒತ್ತಿದರು. ಪರದೆಯ ಮೇಲೆ ಚಿತ್ರ ಮೂಡುವ ಮೊದಲೇ ಜಾಹೀರಾತಿನ ಡೋಲಿನ ಸದ್ದು ಅಪ್ಪಳಿಸಿತು, ಬಿಸಿ ಕಾಫಿ ಮೊಣಕೈಯವರೆಗೆ ಚೆಲ್ಲಿತು. ಒಂದು ವಾರದ ಮೇಲೆ ನಾನು ಹೋದಾಗಲೂ ಟಿ.ವಿ. ಮುಚ್ಚಿದ ಬಟ್ಟೆ ತೆಗೆದಿರಲಿಲ್ಲ. "ಬೇಡ ಮಗಾ, ಅದನ್ನ ಹಾಕೋಕೇ ಹೆದರಿಕೆ ಆಗುತ್ತೆ" ಎಂದರು. ಮನೆಯ ಉಳಿದವರಿಗೆ ಇದು ಅರ್ಥವಾಗಿರಲಿಲ್ಲ. ಕೂಗಿ ಕರೆದರೂ ಕೇಳಿಸದವರಿಗೆ ಟಿ.ವಿ.ಯ ಸದ್ದು ಅಷ್ಟು ಹೆಚ್ಚಾಗಲು ಹೇಗೆ ಸಾಧ್ಯ ಎಂಬುದು ಅವರ ಪ್ರಶ್ನೆ.

ಈ ಪ್ರಶ್ನೆಯ ಒಳಗೇ ಒಂದು ತಪ್ಪು ತಿಳಿವಳಿಕೆ ಇದೆ. ವಯಸ್ಸಾದ ಕಿವಿಯೆಂದರೆ ಎಲ್ಲ ಸದ್ದನ್ನೂ ಒಂದೇ ಸಮನಾಗಿ ತಗ್ಗಿಸಿ ಕೇಳಿಸುವ ಕಿವಿ ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಅದು ಸಣ್ಣ ಸದ್ದನ್ನು ಕಳೆದುಕೊಂಡಿರುತ್ತದೆ, ದೊಡ್ಡ ಸದ್ದನ್ನು ಕಳೆದುಕೊಂಡಿರುವುದಿಲ್ಲ.

ಒಳಗಿವಿಯಲ್ಲಿರುವ ಬಸವನಹುಳುವಿನ ಚಿಪ್ಪಿನಂಥ ಅಂಗದಲ್ಲಿ ಎರಡು ಬಗೆಯ ಕೂದಲು ಕೋಶಗಳಿವೆ. ಒಳಸಾಲಿನ ಸುಮಾರು 3,500 ಕೋಶಗಳು ಸದ್ದಿನ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ಹೊರಸಾಲುಗಳ ಸುಮಾರು 12,000 ಕೋಶಗಳ ಕೆಲಸವೇ ಬೇರೆ: ಸದ್ದು ಬಂದಾಗ ಅವು ತಾವೇ ಉದ್ದವಾಗಿ ಗಿಡ್ಡವಾಗಿ ಕುಣಿಯುತ್ತ, ಆ ಅಂಗದೊಳಗಿನ ಪೊರೆಯ ಕಂಪನಕ್ಕೆ ಇನ್ನಷ್ಟು ಬಲ ಕೊಡುತ್ತವೆ. ಈ ಕುಣಿತವನ್ನು ಅಮೆರಿಕದ ವಿಲಿಯಂ ಬ್ರೌನೆಲ್ ಮತ್ತು ಸಂಗಡಿಗರು 1985ರಲ್ಲಿ ಪ್ರಕಟಿಸಿದರು. ಉಯ್ಯಾಲೆಯಲ್ಲಿ ಕುಳಿತ ಮಗುವನ್ನು ಹಿಂದಿನಿಂದ ತಾಳಕ್ಕೆ ಸರಿಯಾಗಿ ಮೆಲ್ಲಗೆ ತಳ್ಳುವವರಂತೆ ಈ ಕೋಶಗಳು. ಉಯ್ಯಾಲೆ ಇನ್ನೂ ನಿಧಾನವಾಗಿ ತೂಗುತ್ತಿರುವಾಗ ಆ ತಳ್ಳುವಿಕೆಯಿಂದಲೇ ಅದು ಎತ್ತರಕ್ಕೇರುತ್ತದೆ. ಉಯ್ಯಾಲೆ ಆಗಲೇ ಜೋರಾಗಿ ಜೀಕುತ್ತಿದ್ದರೆ ಹಿಂದೆ ನಿಂತವರು ತಳ್ಳಿದರೂ ಬಿಟ್ಟರೂ ಹೆಚ್ಚು ವ್ಯತ್ಯಾಸವಿಲ್ಲ. ಹಾಗೆಯೇ ಹೊರಸಾಲಿನ ಕೋಶಗಳು ಪಿಸುಮಾತನ್ನು ನಲವತ್ತು-ಐವತ್ತು ಡೆಸಿಬೆಲ್‌ಗಳಷ್ಟು ಹಿಗ್ಗಿಸಬಲ್ಲವು, ಡೋಲಿನ ಸದ್ದಿಗೆ ಅವು ಸೇರಿಸುವುದು ಹೆಚ್ಚೇನೂ ಇಲ್ಲ.

ವಯಸ್ಸಿನೊಂದಿಗೆ ಮೊದಲು ಸೋಲುವ ಭಾಗಗಳಲ್ಲಿ ಈ ಹೊರಸಾಲಿನ ಕೋಶಗಳೂ ಸೇರಿವೆ. ಆಗ ಪಿಸುಮಾತು ಇಲ್ಲವಾಗುತ್ತದೆ, ಡೋಲು ಮಾತ್ರ ಯೌವನದಲ್ಲಿ ಕೇಳಿದಷ್ಟೇ ಜೋರಾಗಿ ಉಳಿಯುತ್ತದೆ. ಹಳೆಯ ಮನೆಯೊಂದರ ನೆಲಕ್ಕೆ ಮಣ್ಣು ತುಂಬಿಸಿ ನಾಲ್ಕು ಅಡಿ ಎತ್ತರಿಸಿ, ಮಾಡನ್ನು ಇದ್ದ ಹಾಗೆಯೇ ಬಿಟ್ಟರೆ ಏನಾಗುತ್ತದೆಯೋ ಇದೂ ಹಾಗೆ: ಎದ್ದು ನಿಂತರೆ ತಲೆಗೆ ತೊಲೆ ತಾಗುತ್ತದೆ. ಆರೋಗ್ಯವಂತ ಕಿವಿಗೆ ಸದ್ದು ಕೇಳತೊಡಗುವ ಮಟ್ಟಕ್ಕೂ ಸಹಿಸಲಾಗದ ಮಟ್ಟಕ್ಕೂ ನಡುವೆ ಹೆಚ್ಚುಕಡಿಮೆ ನೂರು ಡೆಸಿಬೆಲ್‌ಗಳ ಅಂತರವಿದೆ. ಐವತ್ತು ಡೆಸಿಬೆಲ್ ಶ್ರವಣನಷ್ಟವಾದವರಿಗೆ ಉಳಿಯುವುದು ಅದರ ಅರ್ಧ. ಆ ಅರ್ಧದಲ್ಲೇ ಪಿಸುಮಾತಿನಿಂದ ಸಿಡಿಲಿನವರೆಗೆ ಎಲ್ಲವೂ ಅಡಕವಾಗಬೇಕಾದ್ದರಿಂದ, ವಾಲ್ಯೂಮನ್ನು ಸ್ವಲ್ಪ ಏರಿಸಿದರೂ ಅವರಿಗೆ ಸದ್ದು ಧಿಗ್ಗನೆ ಏರಿದಂತೆ ಭಾಸವಾಗುತ್ತದೆ. ನ್ಯೂಯಾರ್ಕಿನ ಕಿವಿವೈದ್ಯ ಎಡ್ಮಂಡ್ ಫೌಲರ್ 1930ರ ದಶಕದಲ್ಲಿ ಇದಕ್ಕೆ 'ರಿಕ್ರೂಟ್‌ಮೆಂಟ್' ಎಂಬ ಹೆಸರು ಕೊಟ್ಟರು. "ಜೋರಾಗಿ ಹೇಳು, ಕೇಳ್ತಾ ಇಲ್ಲ" ಎನ್ನುವ ಅಜ್ಜಿಯೇ ಮರುಕ್ಷಣ "ಅಷ್ಟು ಕಿರುಚಬೇಡ" ಎಂದು ಗದರುವುದು ಹಟವಲ್ಲ, ಈ ಇಕ್ಕಟ್ಟು. ಶ್ರವಣಸಾಧನವನ್ನು ಹೊಂದಿಸಿಕೊಡುವ ತಜ್ಞರು ಇದನ್ನು ಚೆನ್ನಾಗಿ ಬಲ್ಲರು. ಪ್ರತಿಯೊಂದು ಸಾಧನದಲ್ಲೂ ಸದ್ದು ಎಷ್ಟಕ್ಕಿಂತ ಮೇಲೇರಬಾರದು ಎಂಬ ಗಡಿಯನ್ನು ಅವರು ಆಯಾ ವ್ಯಕ್ತಿಗೆ ತಕ್ಕಂತೆ ನಿಗದಿಪಡಿಸುತ್ತಾರೆ. ಅದೇ ವ್ಯಕ್ತಿ ದಿನಕ್ಕೆ ನಾಲ್ಕು ಗಂಟೆ ನೋಡುವ ಟಿ.ವಿ.ಗೆ ಮಾತ್ರ ಯಾವ ಗಡಿಯೂ ಇರುವುದಿಲ್ಲ.

ಇದು ಸದ್ದಿನ ಗಾತ್ರದ ಮಾತಾಯಿತು. ಬೆಚ್ಚಿಬೀಳುವುದಕ್ಕೆ ಗಾತ್ರಕ್ಕಿಂತಲೂ ದೊಡ್ಡ ಕಾರಣ ಆ ಸದ್ದು ಬಂದ ವೇಗ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಕಾರ್ನಿ ಲ್ಯಾಂಡಿಸ್ ಮತ್ತು ವಿಲಿಯಂ ಹಂಟ್ 1930ರ ದಶಕದಲ್ಲಿ ಪಿಸ್ತೂಲಿನ ಸದ್ದಿಗೆ ಜನ ಬೆಚ್ಚುವುದನ್ನು ಅತಿವೇಗದ ಕ್ಯಾಮೆರಾದಲ್ಲಿ ಚಿತ್ರೀಕರಿಸಿದರು. ಮೊದಲು ಕಣ್ಣು ಮುಚ್ಚುತ್ತದೆ, ಆಮೇಲೆ ತಲೆ ಮುಂದಕ್ಕೆ ಬಾಗುತ್ತದೆ, ಹೆಗಲು ಏರುತ್ತದೆ, ಮೊಣಕೈ ಮಡಿಯುತ್ತದೆ. ಸದ್ದು ಬಂದು ಸೆಕೆಂಡಿನ ಇಪ್ಪತ್ತನೆಯ ಒಂದು ಭಾಗ ಕಳೆಯುವುದರೊಳಗೆ ಕಣ್ಣು ಮುಚ್ಚತೊಡಗಿರುತ್ತದೆ. ಮಿದುಳಿನ ಬುಡದಲ್ಲೇ ನಡೆದುಹೋಗುವ ಈ ಕ್ರಿಯೆಗೆ ಯೋಚನೆಯ ಅನುಮತಿ ಬೇಕಿಲ್ಲ. ದೊಡ್ಡಮ್ಮನ ಮೊಣಕೈ ಮಡಿದು ಕಾಫಿ ಚೆಲ್ಲಿದ್ದು ಹೀಗೆ. ದೊಡ್ಡ ಸದ್ದಿಗೆ ಬಿಗಿದುಕೊಂಡು ಒಳಗಿವಿಯನ್ನು ಸ್ವಲ್ಪಮಟ್ಟಿಗೆ ರಕ್ಷಿಸುವ ಪುಟ್ಟ ಸ್ನಾಯುವೊಂದು ನಡುಗಿವಿಯಲ್ಲಿದೆ ನಿಜ, ಆದರೆ ಅದು ಪೂರ್ತಿ ಬಿಗಿಯುವಷ್ಟರಲ್ಲಿ ಸದ್ದಿನ ಮೊದಲ ಪೆಟ್ಟು ಒಳಗೆ ಹೋಗಿಯಾಗಿರುತ್ತದೆ. ಅದೇ ಸದ್ದು ಮೆಲ್ಲನೆ ಏರುತ್ತ ಬಂದರೆ ಅಷ್ಟೇ ಎತ್ತರಕ್ಕೆ ತಲುಪಿದರೂ ಯಾರೂ ಬೆಚ್ಚುವುದಿಲ್ಲ. ದೂರದಿಂದ ಬರುವ ಮೆರವಣಿಗೆಯ ಡೋಲು ಮನೆಯ ಬಾಗಿಲಿಗೇ ಬಂದರೂ ನಾವು ಹಾರಿಬೀಳುವುದಿಲ್ಲ, ಪಕ್ಕದಲ್ಲೇ ಫಟ್ಟೆಂದ ಒಂದೇ ಪಟಾಕಿಗೆ ಹಾರಿಬೀಳುತ್ತೇವೆ.

ಹಾಗಾಗಿ ಟಿ.ವಿ.ಗೆ ಎರಡು ಕಟ್ಟುಪಾಡುಗಳು ಬೇಕು. ಮೊದಲನೆಯದು, ನಿನ್ನೆ ಯಾರು ಎಷ್ಟೇ ಜೋರು ಇಟ್ಟಿದ್ದರೂ ಇಂದು ಅದು ತಗ್ಗಿದ ನಿಗದಿತ ಮಟ್ಟದಲ್ಲೇ ಆರಂಭವಾಗಬೇಕು. ಅಲ್ಲಿಂದ ಮೇಲಕ್ಕೆ ಬೆರಳಿನಿಂದ ಒಂದೊಂದೇ ಅಂಕೆ ಏರಿಸಿಕೊಳ್ಳುವಾಗ ಸದ್ದು ಮೆರವಣಿಗೆಯಂತೆ ಏರುತ್ತದೆ. ಎರಡನೆಯದು, ರಿಮೋಟಿನ ಗುಂಡಿಯನ್ನು ಎಷ್ಟು ಹೊತ್ತು ಒತ್ತಿಹಿಡಿದರೂ ದಾಟಲಾಗದ ಗರಿಷ್ಠ ಮಿತಿ. ಎರಡರಲ್ಲಿ ಒಂದನ್ನೇ ಮಾಡಲು ಸಾಧ್ಯವಿದ್ದರೆ ನಾನು ಮೊದಲನೆಯದನ್ನು ಆರಿಸುತ್ತೇನೆ.

ಈ ಎರಡೂ ಸೌಲಭ್ಯಗಳನ್ನು ಮೊದಲು ಕೇಳಿದವರು ಹಿರಿಯರಲ್ಲ, ಹೋಟೆಲಿನವರು. ಒಬ್ಬ ಅತಿಥಿ ಜೋರಾಗಿ ಇಟ್ಟು ಹೋದ ಟಿ.ವಿ. ಮುಂದಿನ ಅತಿಥಿಯನ್ನು ಬೆಚ್ಚಿಬೀಳಿಸಬಾರದು, ಪಕ್ಕದ ಕೋಣೆಯವರ ನಿದ್ದೆ ಕೆಡಿಸಬಾರದು ಎಂದು ತಯಾರಕರು ಹೋಟೆಲ್ ಮೋಡ್ ಎಂಬ ಪಟ್ಟಿಯನ್ನು ಸೇರಿಸಿದರು. ಮನೆಬಳಕೆಯ ಅನೇಕ ಮಾದರಿಗಳಲ್ಲೂ ಅದು ಅಡಗಿ ಕುಳಿತಿರುತ್ತದೆ. ಅದರಲ್ಲಿ ನಮಗೆ ಬೇಕಾದವು Power On Volume ಮತ್ತು Max Volume ಎಂಬ ಎರಡು ಸಾಲುಗಳು. ಹೆಸರು ಕಂಪನಿಯಿಂದ ಕಂಪನಿಗೆ ತುಸು ಬದಲಾಗುತ್ತದೆ. ಆ ಪಟ್ಟಿಯನ್ನು ತೆರೆಯುವ ಗುಂಡಿಗಳ ಕ್ರಮವನ್ನು ಆಯಾ ಮಾದರಿಯ ಅಳವಡಿಕೆ ಕೈಪಿಡಿಯಿಂದಲೋ ಸರ್ವಿಸ್‌ನವರಿಂದಲೋ ಕೇಳಿ ತಿಳಿಯುವುದು ಒಳ್ಳೆಯದು. ಕಂಡಕಂಡ ವಿಡಿಯೊಗಳ ಕೋಡ್‌ಗಳನ್ನು ಪ್ರಯೋಗಿಸಿದರೆ ಪರದೆಯ ಮೂಲ ಹೊಂದಾಣಿಕೆಗಳಿರುವ ಸರ್ವಿಸ್ ಪಟ್ಟಿ ತೆರೆದುಕೊಳ್ಳಬಹುದು, ಅಲ್ಲಿ ಒಂದು ಅಂಕೆ ಕೈತಪ್ಪಿ ಬದಲಾದರೂ ಟಿ.ವಿ. ಕೆಡಬಹುದು. ಏನನ್ನಾದರೂ ಬದಲಿಸುವ ಮೊದಲು ಪಟ್ಟಿಯ ಪ್ರತಿ ಪುಟದ ಫೋಟೊ ತೆಗೆದಿಟ್ಟುಕೊಳ್ಳಬೇಕು.

ಯಾವ ಅಂಕೆ ಇಡಬೇಕು ಎಂಬುದನ್ನು ಅಂದಾಜಿನಿಂದ ಹೇಳಲಾಗದು. ಟಿ.ವಿ.ಯ 30 ಎಂಬುದು ಯಾವ ಅಳತೆಯೂ ಅಲ್ಲ. ಒಂದು ಮಾದರಿಯ 30 ಇನ್ನೊಂದರ 15ಕ್ಕೆ ಸಮವಿರಬಹುದು. ದೊಡ್ಡಮ್ಮನ ಮನೆಯಲ್ಲಿ ನಾನು ಮೊದಲು ಮಾಡಿದ ಕೆಲಸ ಸೆಟ್‌-ಟಾಪ್ ಬಾಕ್ಸಿನ ವಾಲ್ಯೂಮನ್ನು ಪೂರ್ತಿ ಏರಿಸಿದ್ದು. ಬಾಕ್ಸು ಮತ್ತು ಟಿ.ವಿ. ಒಂದೇ ಕಾಲುವೆಯ ಎರಡು ತೂಬುಗಳಿದ್ದಂತೆ. ಬಾಕ್ಸನ್ನು ತಗ್ಗಿಸಿಟ್ಟು ಟಿ.ವಿ.ಗೆ ಮಿತಿ ಹಾಕಿದರೆ, ಮುಂದೊಂದು ದಿನ ಯಾರಾದರೂ ಬಾಕ್ಸಿನ ತೂಬು ಎತ್ತಿದಾಗ ಹಾಕಿದ ಮಿತಿಗೆ ಅರ್ಥವೇ ಉಳಿಯುವುದಿಲ್ಲ. ಆಮೇಲೆ ಬಾಕ್ಸಿನ ರಿಮೋಟಿಗೆ ಟಿ.ವಿ.ಯ ವಾಲ್ಯೂಮ್ ಗುಂಡಿಗಳನ್ನು ಕಲಿಸಿಕೊಟ್ಟೆ; ಈಗಿನ ಬಹಳಷ್ಟು ಡಿ.ಟಿ.ಎಚ್. ರಿಮೋಟುಗಳಿಗೆ ಈ ಸೌಲಭ್ಯವಿದೆ.

ಬಳಿಕ ಅವರ ಕುರ್ಚಿಯಲ್ಲೇ ಕುಳಿತು, ಫೋನಿನ ಸದ್ದು ಅಳೆಯುವ ಆ್ಯಪನ್ನು ಕಿವಿಯ ಎತ್ತರಕ್ಕೆ ಹಿಡಿದೆ. ಫೋನಿನ ಅಳತೆ ಪ್ರಯೋಗಾಲಯದಷ್ಟು ನಿಖರವಲ್ಲ, ಆದರೆ ಹೆಚ್ಚುಕಡಿಮೆಗಳನ್ನು ಹೋಲಿಸಲು ಸಾಕು. ವಾರ್ತೆ ಓದುವ ಧ್ವನಿ 16ರಲ್ಲಿ ಸುಮಾರು 58 ಡೆಸಿಬೆಲ್, ಅಂದರೆ ಎದುರು ಕುಳಿತವರ ಮಾತಿನಷ್ಟು. ದೊಡ್ಡಮ್ಮ ತಾವಾಗಿ ಏರಿಸಿಕೊಂಡು "ಈಗ ಸರಿ" ಎಂದದ್ದು 26ಕ್ಕೆ, ಆಗ 67. ನಾನು ಮಿತಿಯನ್ನು 26ಕ್ಕೇ ಕಟ್ಟಲಿಲ್ಲ. ಹಂಚಿನ ಮೇಲೆ ಮಳೆ ಬಿದ್ದಾಗ, ಧ್ವನಿ ಸಣ್ಣಗಿರುವ ಹಳೆಯ ಸಿನಿಮಾ ಬಂದಾಗ ಅದು ಸಾಲದು, ಸಾಲದೆ ಹೋದರೆ ಮನೆಯವರೇ ಮಿತಿಯನ್ನು ಬಿಚ್ಚಿಹಾಕುತ್ತಾರೆ. 34ರಲ್ಲಿ ಅತಿ ಜೋರಾದ ಜಾಹೀರಾತು 80ರ ಹತ್ತಿರ ಬಂತು, ದೊಡ್ಡಮ್ಮ ಮುಖ ಕಿವುಚಲಿಲ್ಲ, 38ಕ್ಕೆ ಕಿವುಚಿದರು. ಹೋಟೆಲ್ ಮೋಡ್‌ನಲ್ಲಿ ಆರಂಭ 16, ಗರಿಷ್ಠ 34 ಎಂದು ಹೊಂದಿಸಿ, ಅವನ್ನೇ ಒಂದು ಚೀಟಿಯಲ್ಲಿ ಬರೆದಿಟ್ಟೆ.

ಪರೀಕ್ಷೆಯನ್ನು ಎರಡು ರೀತಿಯಲ್ಲಿ ಮಾಡಬೇಕು. 34ಕ್ಕೆ ಏರಿಸಿ, ವಾಲ್ಯೂಮ್ ಅಲ್ಲೇ ನಿಲ್ಲುವುದನ್ನು ಕಂಡು, ರಿಮೋಟಿನಿಂದ ಆಫ್ ಮಾಡಿ ಮತ್ತೆ ಹಾಕಬೇಕು. ಅನಂತರ ಇನ್ನೊಮ್ಮೆ 34ಕ್ಕೆ ಏರಿಸಿ ಗೋಡೆಯ ಸ್ವಿಚ್ಚನ್ನೇ ಆಫ್ ಮಾಡಿ ಹಾಕಬೇಕು, ಏಕೆಂದರೆ ಕರೆಂಟು ಹೋಗಿ ಬರುವ ಊರಿನಲ್ಲಿ ಟಿ.ವಿ. ಹೀಗೂ ಆರಂಭವಾಗುತ್ತದೆ. ನಮ್ಮಲ್ಲಿ ಎರಡನೆಯದು 16ಕ್ಕೇ ಬಂತು, ಮೊದಲನೆಯದು ಬರಲಿಲ್ಲ. ಬೇಗ ಆರಂಭವಾಗಲೆಂದು ಇರುವ ಕ್ವಿಕ್ ಸ್ಟಾರ್ಟ್ ಚಾಲೂ ಇದ್ದುದರಿಂದ ರಿಮೋಟು ಒತ್ತಿದಾಗ ಟಿ.ವಿ. ಆಫ್ ಆಗದೆ ಕೇವಲ ಕಣ್ಣುಮುಚ್ಚಿಕೊಂಡಿರುತ್ತಿತ್ತು. ಅದನ್ನು ನಿಲ್ಲಿಸಿದ ಮೇಲೆ ಎರಡೂ ಬಾರಿ 16 ಬಂತು, ಚಿತ್ರ ಮೂಡಲು ಮಾತ್ರ ಕೆಲವು ಸೆಕೆಂಡು ಹೆಚ್ಚು ಬೇಕಾಯಿತು.

ಈ ವ್ಯವಸ್ಥೆಗೆ ಮಿತಿಗಳೂ ಇವೆ. ಸೌಂಡ್‌ಬಾರ್ ಜೋಡಿಸಿದ್ದರೆ ಸದ್ದು ಹೊರಡುವುದು ಅದರಿಂದ, ಟಿ.ವಿ.ಯೊಳಗಿನ ಮಿತಿ ಅದಕ್ಕೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಫ್ಯಾಕ್ಟರಿ ರೀಸೆಟ್ ಮಾಡಿದರೆ ಹಾಕಿದ ಅಂಕೆಗಳು ಅಳಿಸಿಹೋಗಬಹುದು. ಮಿತಿಯ ಒಳಗೇ ವಾರ್ತೆಗಿಂತ ಜಾಹೀರಾತು ಜೋರಾಗಿ ಕೇಳುವುದನ್ನೂ ಇದು ತಡೆಯದು. ಜಾಹೀರಾತಿನ ಸದ್ದು ಅತಿಯಾಗಬಾರದೆಂದು ನಮ್ಮ 1994ರ ಕೇಬಲ್ ಟೆಲಿವಿಷನ್ ನಿಯಮಗಳಲ್ಲೇ ಇದೆ. ಆದರೂ ಸಣ್ಣ ಸದ್ದುಗಳನ್ನೆಲ್ಲ ಮೇಲೆತ್ತಿ ದೊಡ್ಡದಕ್ಕೆ ಸಮ ಮಾಡಿದ ಧ್ವನಿಪಥ, ಅದರ ತುದಿ ವಾರ್ತೆಯ ತುದಿಯಷ್ಟೇ ಇದ್ದರೂ, ಕಿವಿಗೆ ಹೆಚ್ಚು ಜೋರಾಗಿ ಕೇಳುತ್ತದೆ. ಇದಕ್ಕೆ Auto Volume ಎಂಬ ಆಯ್ಕೆ ಸ್ವಲ್ಪ ನೆರವಾಗುತ್ತದೆ, ಹೋಟೆಲ್ ಮೋಡ್ ಇಲ್ಲದ ಟಿ.ವಿ.ಗಳಲ್ಲಿ ಉಳಿಯುವ ದಾರಿಯೂ ಬಹುಮಟ್ಟಿಗೆ ಅದೊಂದೇ. ಆದರೆ ಅದು ಏರಿಳಿತವನ್ನು ತಗ್ಗಿಸುತ್ತದೆಯೇ ಹೊರತು ಬೆಳಗಿನ ಮೊದಲ ಸದ್ದನ್ನು ಕಾಯುವುದಿಲ್ಲ.

ದೀಪಾವಳಿಯ ಹೊತ್ತಿಗೆ ಅವರ ಸೆಟ್‌-ಟಾಪ್ ಬಾಕ್ಸು ಕೆಟ್ಟು ಹೊಸದು ಬಂತು. "16ಕ್ಕೇ ಚೆನ್ನಾಗಿ ಕೇಳ್ತಾ ಇದೆ, ಏರಿಸೋದೇ ಬೇಡ" ಎಂದು ದೊಡ್ಡಮ್ಮ ಫೋನಿನಲ್ಲಿ ಸಂತೋಷದಿಂದ ಹೇಳಿದಾಗ ನನಗೆ ಅನುಮಾನ ಬಂತು. ಮುಂದಿನ ಸಲ ಹೋದಾಗ ಅದೇ ಕುರ್ಚಿಯಲ್ಲಿ ಮತ್ತೆ ಅಳೆದು ನೋಡಿದರೆ, ಹೊಸ ಬಾಕ್ಸು ಹಳೆಯದಕ್ಕಿಂತ ಜೋರಾಗಿ ಸದ್ದು ಕಳಿಸುತ್ತಿತ್ತು. ಈಗ ಅವರ ಟಿ.ವಿ.ಯ ಹಿಂದೆ ಅಂಟಿಸಿದ ಚೀಟಿಯಲ್ಲಿ ಹಳೆಯ ಅಂಕೆಗಳನ್ನು ಹೊಡೆದುಹಾಕಿ ಬರೆದಿದೆ: ಆರಂಭ 12, ಗರಿಷ್ಠ 29.