ಇಂಡೆಕ್ಸ್ ಫಂಡಿನ ಇನ್ಫರ್ಮೇಶನ್ ರೇಶಿಯೋ ಮೈನಸ್ 6.9 ಅಂದರೆ ಫಂಡ್ ಕೆಟ್ಟದ್ದಾ?

ಓದುಗರ ಪ್ರಶ್ನೆ: ಒಂದೇ ಸೂಚ್ಯಂಕವನ್ನು ಹಿಂಬಾಲಿಸುವ ಎರಡು ಇಂಡೆಕ್ಸ್ ಫಂಡ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದರ ಇನ್ಫರ್ಮೇಶನ್ ರೇಶಿಯೋ -6.9, ಇನ್ನೊಂದರದು -0.69. ಮೊದಲನೆಯದನ್ನು ಬಿಟ್ಟು ಎರಡನೆಯದಕ್ಕೆ ಹೋಗಲಾ?

ಬೇಡ, ಸ್ವಲ್ಪ ತಡೆಯಿರಿ. ಈ ಎರಡರಲ್ಲಿ ಮೊದಲನೆಯದೇ ಒಳ್ಳೆಯ ಫಂಡ್ ಆಗಿರಬಹುದು. ಹೇಗೆ ಅಂತ ಲೆಕ್ಕ ಹಾಕಿಯೇ ನೋಡೋಣ.

ಫಂಡಿನ ತಿಂಗಳ ಗಳಿಕೆಯಿಂದ ಸೂಚ್ಯಂಕದ ಗಳಿಕೆಯನ್ನು ಕಳೆಯಿರಿ. ಹೀಗೆ 12 ತಿಂಗಳಿಗೆ 12 ವ್ಯತ್ಯಾಸಗಳು ಸಿಗುತ್ತವೆ. ಆ ವ್ಯತ್ಯಾಸಗಳು ತಮ್ಮದೇ ಸರಾಸರಿಯಿಂದ ಎಷ್ಟು ಆಚೀಚೆ ಓಲಾಡುತ್ತವೆ ಅನ್ನುವುದೇ ಟ್ರ್ಯಾಕಿಂಗ್ ಎರರ್, ಅಂದರೆ ಅವುಗಳ ಸ್ಟ್ಯಾಂಡರ್ಡ್ ಡೀವಿಯೇಶನ್. ಸರಾಸರಿ ವ್ಯತ್ಯಾಸವನ್ನು ಈ ಟ್ರ್ಯಾಕಿಂಗ್ ಎರರ್‌ನಿಂದ ಭಾಗಿಸಿದರೆ ಇನ್ಫರ್ಮೇಶನ್ ರೇಶಿಯೋ.

ಮೊದಲ ಫಂಡ್ ಆರು ತಿಂಗಳು ಶೇ. 0.01ರಷ್ಟು ಹಿಂದೆ ಬಿತ್ತು, ಉಳಿದ ಆರು ತಿಂಗಳು ಶೇ. 0.03ರಷ್ಟು ಅಂದುಕೊಳ್ಳಿ. ಸರಾಸರಿ -0.02. ಪ್ರತಿ ತಿಂಗಳೂ ಈ ಸರಾಸರಿಯಿಂದ ಇರುವ ದೂರ 0.01, ಹಾಗಾಗಿ ಸ್ಟ್ಯಾಂಡರ್ಡ್ ಡೀವಿಯೇಶನ್ ಕೂಡ ಅಷ್ಟೇ. ವರ್ಷದ ಲೆಕ್ಕಕ್ಕೆ ತರಲು ಸರಾಸರಿಯನ್ನು 12ರಿಂದ ಗುಣಿಸಬೇಕು, ಓಲಾಟವನ್ನು 12ರ ವರ್ಗಮೂಲದಿಂದ, ಅಂದರೆ 3.46ರಿಂದ. ಹಿಂದೆ ಬಿದ್ದದ್ದು ವರ್ಷಕ್ಕೆ ಶೇ. 0.24, ಟ್ರ್ಯಾಕಿಂಗ್ ಎರರ್ ಶೇ. 0.035ರ ಆಸುಪಾಸು. ಭಾಗಿಸಿದರೆ -6.9. (ಸ್ಪ್ರೆಡ್‌ಶೀಟ್‌ನಲ್ಲಿ `STDEV.P` ಬಳಸಿದರೆ ಇದು. `STDEV.S` ಬಳಸಿದರೆ -6.6 ಬರುತ್ತದೆ, ಗಾಬರಿಯಾಗಬೇಡಿ.)

ಎರಡನೆಯದು ಆರು ತಿಂಗಳು ಸೂಚ್ಯಂಕಕ್ಕಿಂತ 0.08 ಮುಂದೆ ಓಡಿತು, ಆರು ತಿಂಗಳು 0.12 ಹಿಂದೆ ಬಿತ್ತು. ಸರಾಸರಿ ಇಲ್ಲೂ -0.02, ವರ್ಷಕ್ಕೆ ಅದೇ 0.24. ಆದರೆ ಓಲಾಟ ಹತ್ತು ಪಟ್ಟು, ಟ್ರ್ಯಾಕಿಂಗ್ ಎರರ್ 0.35. ಭಾಗಿಸಿದರೆ -0.69.

ಎರಡೂ ಫಂಡ್‌ಗಳು ನಿಮ್ಮಿಂದ ಕಿತ್ತುಕೊಂಡದ್ದು ಒಂದೇ ಮೊತ್ತ. ಸೂಚ್ಯಂಕಕ್ಕೆ ಅಂಟಿಕೊಂಡು ನಡೆದದ್ದು ಮೊದಲನೆಯದು. ಆದರೂ ಕೆಟ್ಟ ಅಂಕ ಬಂದದ್ದು ಅದಕ್ಕೇ! ಮೇಲಿನ ಸಂಖ್ಯೆ ಮೈನಸ್ ಇದ್ದಾಗ, ಕೆಳಗಿನ ಸಂಖ್ಯೆ ಚಿಕ್ಕದಾದಷ್ಟೂ ಉತ್ತರ ಇನ್ನಷ್ಟು ಪಾತಾಳಕ್ಕಿಳಿಯುತ್ತದೆ. ಇಂಡೆಕ್ಸ್ ಫಂಡಿಗೆ ಆ ಮೇಲಿನ ಸಂಖ್ಯೆ ಸಾಮಾನ್ಯವಾಗಿ ಮೈನಸ್ಸೇ. ಸೂಚ್ಯಂಕಕ್ಕೆ ಖರ್ಚಿಲ್ಲ, ಫಂಡಿಗೆ ಇದೆ, ಅಲ್ವಾ? ಷೇರು ಆರಿಸಿ ಸೂಚ್ಯಂಕವನ್ನು ಸೋಲಿಸಲು ಹೊರಟ ಮ್ಯಾನೇಜರ್‌ಗೆ ಈ ಅಳತೆ ಸರಿ: ತೆಗೆದುಕೊಂಡ ರಿಸ್ಕಿಗೆ ಎಷ್ಟು ಗಳಿಸಿದ ಅಂತ ಅದು ಹೇಳುತ್ತದೆ. ಸೋಲಿಸಲು ಹೊರಡದವನಿಗೆ ಅದೇ ಅಂಕ ಕೊಡುವುದು ಸುಮ್ನೆ ಗೊಂದಲ.

ಹಾಗಂತ ಟ್ರ್ಯಾಕಿಂಗ್ ಎರರ್ ಒಂದನ್ನೇ ನಂಬಿದರೂ ಮೋಸ ಹೋಗುತ್ತೀರಿ. ತಪ್ಪದೆ ಪ್ರತಿ ತಿಂಗಳೂ ಸರಿಯಾಗಿ 0.10 ಹಿಂದೆ ಬೀಳುವ ಫಂಡಿನ ಟ್ರ್ಯಾಕಿಂಗ್ ಎರರ್ ಸೊನ್ನೆ! ವರ್ಷಕ್ಕೆ ಶೇ. 1.2 ಹೋದರೂ ಅದಕ್ಕೆ ಕಾಣುವುದಿಲ್ಲ, ಏಕೆಂದರೆ ಅದು ಅಳೆಯುವುದು ಓಲಾಟವನ್ನು, ನಷ್ಟವನ್ನಲ್ಲ. ಅದಕ್ಕೇ ನಾನು ಮೊದಲು ನೋಡುವುದು ಟ್ರ್ಯಾಕಿಂಗ್ ಡಿಫರೆನ್ಸ್, ಅಂದರೆ ವರ್ಷದ ಕೊನೆಗೆ ಒಟ್ಟು ಎಷ್ಟು ಹಿಂದೆ ಬಿತ್ತು ಅನ್ನುವುದನ್ನು. ಅದು ಹೆಚ್ಚುಕಡಿಮೆ ಫಂಡಿನ ಖರ್ಚಿನಷ್ಟೇ ಇರಬೇಕು. ಅದಕ್ಕಿಂತ ತುಂಬ ಜಾಸ್ತಿ ಇದ್ದರೆ ಬೇರೆಲ್ಲೋ ಸೋರುತ್ತಿದೆ: ಹೂಡದೆ ಕೈಯಲ್ಲೇ ಉಳಿದ ನಗದು, ಸೂಚ್ಯಂಕದ ಷೇರುಗಳು ಬದಲಾದಾಗ ಆಗುವ ಕೊಳ್ಳು-ಮಾರು ಖರ್ಚು, ಹೀಗೆ.

ಇನ್ನೊಂದು ಎಚ್ಚರಿಕೆ. ಇಂಡೆಕ್ಸ್ ಫಂಡಿಗೆ ಇನ್ಫರ್ಮೇಶನ್ ರೇಶಿಯೋ ಪ್ಲಸ್ ಬಂದಿದ್ದರೆ ಖುಷಿಪಡುವ ಮೊದಲು ಯಾವ ಸೂಚ್ಯಂಕದ ಜೊತೆ ಹೋಲಿಸಿದ್ದಾರೆ ಅಂತ ನೋಡಿ. ಬರೀ ಷೇರುಬೆಲೆಯ ಸೂಚ್ಯಂಕದಲ್ಲಿ ಡಿವಿಡೆಂಡ್ ಸೇರಿರುವುದಿಲ್ಲ. ಫಂಡಿಗೆ ಆ ಡಿವಿಡೆಂಡ್ ಬಂದಿರುತ್ತದೆ. ವರ್ಷಕ್ಕೆ ಶೇ. 1.5 ಡಿವಿಡೆಂಡ್ ಬಂದರೆ, 0.24 ಹಿಂದೆ ಬಿದ್ದ ಫಂಡ್ ಕೂಡ ಸುಮಾರು 1.26 ಮುಂದೆ ಓಡಿದಂತೆ ಕಾಣುತ್ತದೆ. ಡಿವಿಡೆಂಡ್ ಕೆಲವೇ ತಿಂಗಳುಗಳಲ್ಲಿ ಗುಂಪಾಗಿ ಬರುವುದರಿಂದ ಟ್ರ್ಯಾಕಿಂಗ್ ಎರರ್ ಕೂಡ ಉಬ್ಬುತ್ತದೆ. ಡಿವಿಡೆಂಡ್ ಸೇರಿಸಿದ ಟೋಟಲ್ ರಿಟರ್ನ್ ಇಂಡೆಕ್ಸ್ ಜೊತೆ ಮತ್ತೆ ಲೆಕ್ಕ ಹಾಕಿ, ಆ ಪ್ಲಸ್ ಸಾಮಾನ್ಯವಾಗಿ ಮಾಯ. ಹಿಡಿದ ಷೇರುಗಳನ್ನು ಸಾಲ ಕೊಟ್ಟು ಶುಲ್ಕ ಗಳಿಸುವ ಫಂಡ್ ಆದರೆ ಚೂರು ನಿಜವಾದ ಪ್ಲಸ್ ಉಳಿಯಲೂಬಹುದು.

ನಿಮ್ಮ ಎರಡನೇ ಫಂಡಿಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಸೂಚ್ಯಂಕವನ್ನು ಹಿಂಬಾಲಿಸುವುದಷ್ಟೇ ಕೆಲಸವಾದರೆ, ಆರು ತಿಂಗಳು ಅದು ಮುಂದೆ ಓಡಿದ್ದು ಹೇಗೆ? ಎಲ್ಲ ಷೇರು ಕೊಳ್ಳದೆ ಕೆಲವನ್ನೇ ಆರಿಸಿ ಇಟ್ಟುಕೊಂಡಿದೆಯಾ ಅಂತ ಅದರ ಷೇರುಪಟ್ಟಿಯನ್ನು ಸೂಚ್ಯಂಕದ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿ.