ಪದ ಪರಿಚಯ: ಯಾದೃಚ್ಛಿಕ ಮಾದರಿ ಮತ್ತು ಪರಿಶೋಧನಾ ದಾಖಲೆ ಪಟ್ಟಿ

ಸಾವಿರಾರು ವ್ಯವಹಾರಗಳಿರುವ ಲೆಕ್ಕದಲ್ಲಿ ಎಲ್ಲವನ್ನೂ ತೆರೆದು ನೋಡಲು ಆಗದಿದ್ದಾಗ ಕೆಲವನ್ನು ಆರಿಸಿ ಪೂರ್ತಿಯಾಗಿ ಪರಿಶೀಲಿಸುತ್ತಾರೆ. ಪಟ್ಟಿಯ ಪ್ರತಿಯೊಂದು ಸಾಲಿಗೂ ಆಯ್ಕೆಯಾಗುವ ಸಮಾನ ಅವಕಾಶ ಇದ್ದು, ಯಾವುದು ಬರಬೇಕೆಂಬುದನ್ನು ಆರಿಸುವವರ ಕೈ ನಿರ್ಧರಿಸದಿದ್ದರೆ ಅದು ಯಾದೃಚ್ಛಿಕ ಮಾದರಿ. ಕಡತದ ಕಟ್ಟನ್ನು ಬಿಚ್ಚಿ ಅಲ್ಲೊಂದು ಇಲ್ಲೊಂದು ವೋಚರ್ ಎಳೆಯುವುದು ಯಾದೃಚ್ಛಿಕವಲ್ಲ. ಕೈ ತಾನಾಗಿಯೇ ದಪ್ಪ ವೋಚರಿನ ಕಡೆಗೋ ಕಟ್ಟಿನ ನಡುಭಾಗಕ್ಕೋ ಹೋಗುತ್ತದೆ.

ಕೋಲಾರ ಜಿಲ್ಲೆಯ ಒಂದು ಹಳ್ಳಿಯ ಡೇರಿಯನ್ನು ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಹಾಲು ಹಾಕುವ ಸದಸ್ಯರು 130 ಮಂದಿ, ತಿಂಗಳಿಗೆ ಎರಡು ಬಟವಾಡೆ. ಏಪ್ರಿಲ್‌ನಿಂದ ಮಾರ್ಚ್‌ವರೆಗೆ 24 ಬಟವಾಡೆ, ಒಟ್ಟು 3,120 ಪಾವತಿಗಳು. ಇವುಗಳಲ್ಲಿ 60 ಪಾವತಿಗಳನ್ನು ನೋಡಬೇಕು.

ಸಂಖ್ಯೆ ಎತ್ತುವ ಮೊದಲು ಪಟ್ಟಿ ಪೂರ್ತಿಯಾಗಿದೆಯೇ ಎಂದು ನೋಡಿ. ಪಟ್ಟಿಯ ಒಟ್ಟು ಮೊತ್ತ ಖಾತೆಯ ಹಾಲು ಖರೀದಿ ಪಾವತಿಯ ಮೊತ್ತಕ್ಕೆ ರೂಪಾಯಿವರೆಗೂ ತಾಳೆಯಾಗಬೇಕು. ಕಂಪ್ಯೂಟರ್‌ನಿಂದ ಇಳಿಸಿಕೊಂಡ ಹಾಳೆಯಲ್ಲಿ ಪ್ರತಿ ಬಟವಾಡೆಯ ಕೊನೆಗೆ ಒಂದು ‘ಒಟ್ಟು’ ಸಾಲು ಇರುತ್ತದೆ. ಆ 24 ಸಾಲುಗಳನ್ನು ತೆಗೆಯದಿದ್ದರೆ ಅವೂ ಪಾವತಿಗಳೆಂದು ಎಣಿಕೆಗೆ ಸೇರುತ್ತವೆ. ಫಿಲ್ಟರ್‌ನಲ್ಲಿ ಅಡಗಿದ ಸಾಲುಗಳಿದ್ದರೆ ಬಿಚ್ಚಿ. ಆಮೇಲೆ 1ರಿಂದ 3,120ರವರೆಗೆ ಸಾಲು ಸಂಖ್ಯೆ ಹಾಕಿ, ಆ ಪ್ರತಿಯನ್ನು ಬೇರೆಯಾಗಿ ಉಳಿಸಿಡಿ. ಮುಂದೆ ಪಟ್ಟಿಯನ್ನು ಹೇಗೆ ವಿಂಗಡಿಸಿದರೂ ಈ ಸಂಖ್ಯೆ ಬದಲಾಗಬಾರದು.

ಈಗ ಆಯ್ಕೆ. 3,120ನ್ನು 60ರಿಂದ ಭಾಗಿಸಿದರೆ 52. ಹಾಗಾಗಿ ಪ್ರತಿ 52ನೇ ಸಾಲನ್ನು ತೆಗೆದುಕೊಂಡರೆ ಸಾಕು ಎಂದು ಹಲವರು ಮಾಡುತ್ತಾರೆ. ನೋಡಲು ನ್ಯಾಯವಾಗಿಯೇ ಇದೆ, ಆದರೆ ಈ ಪಟ್ಟಿಯಲ್ಲಿ ಇದು ಪೂರ್ತಿ ಕೈಕೊಡುತ್ತದೆ. ಪ್ರತಿ ಬಟವಾಡೆಯಲ್ಲೂ ಸದಸ್ಯರ ಹೆಸರು ಅದೇ ಕ್ರಮದಲ್ಲಿ ಬರುತ್ತದೆ, 130 ಸಾಲಿಗೊಮ್ಮೆ ಸುತ್ತು ಮುಗಿಯುತ್ತದೆ. 7ನೇ ಸಾಲಿನಿಂದ ಶುರುಮಾಡಿ: 7, 59, 111ನೇ ಸದಸ್ಯರು ಸಿಗುತ್ತಾರೆ. ಮುಂದಿನದು 163ನೇ ಸಾಲು, ಅಂದರೆ ಎರಡನೇ ಬಟವಾಡೆಯ 33ನೇ ಸದಸ್ಯ. ಅದರ ಮುಂದಿನದು 85ನೇ ಸದಸ್ಯ. ಆಮೇಲೆ ಮತ್ತೆ 7ನೇ ಸದಸ್ಯ! ವರ್ಷ ಪೂರ್ತಿ ಈ ಐವರೇ ತಲಾ 12 ಬಾರಿ ಬರುತ್ತಾರೆ. ಉಳಿದ 125 ಮಂದಿಯ ಒಂದು ಪಾವತಿಯನ್ನೂ ಯಾರೂ ನೋಡಿರುವುದಿಲ್ಲ. ಪಟ್ಟಿಯಲ್ಲಿ ಮರುಕಳಿಸುವ ಲಯ ಇದ್ದರೆ ಅಂತರ ಲೆಕ್ಕದ ಆಯ್ಕೆ ಬೇಡ.

ಎಕ್ಸೆಲ್‌ನಲ್ಲಾದರೆ ಹೊಸ ಕಾಲಂನಲ್ಲಿ `=RAND()` ಹಾಕಿ ಕೆಳಗಿನವರೆಗೂ ಎಳೆಯಿರಿ. ಕಾಲಂ ಪೂರ್ತಿ ನಕಲಿಸಿ, ಅದೇ ಜಾಗದಲ್ಲಿ `Paste Values` ಕೊಡಿ. ಆಮೇಲೆ ಆ ಕಾಲಂ ಪ್ರಕಾರ ವಿಂಗಡಿಸಿ ಮೊದಲ 60 ಸಾಲು ತೆಗೆದುಕೊಳ್ಳಿ. ಮೌಲ್ಯವಾಗಿ ಅಂಟಿಸದಿದ್ದರೆ ಹಾಳೆ ಲೆಕ್ಕ ಹಾಕಿದಾಗಲೆಲ್ಲ ಸಂಖ್ಯೆಗಳು ಬದಲಾಗುತ್ತವೆ, ನಿನ್ನೆಯ ಮಾದರಿ ಇಂದು ಸಿಗುವುದಿಲ್ಲ. `RANDBETWEEN` ಬಳಸಿದರೆ ಒಂದೇ ಸಂಖ್ಯೆ ಎರಡು ಸಲ ಬರಬಹುದು. ಪೈಥಾನ್ ಗೊತ್ತಿದ್ದವರಿಗೆ ಇದು ಇನ್ನೂ ಅಚ್ಚುಕಟ್ಟು:

```python
import random
random.seed(3120)
print(sorted(random.sample(range(1, 3121), 60)))
```

`seed` ಸಂಖ್ಯೆಯನ್ನೂ ಪೈಥಾನ್ ಆವೃತ್ತಿಯನ್ನೂ ಬರೆದಿಟ್ಟರೆ ಬೇರೆಯವರು ಓಡಿಸಿದರೂ ಅದೇ 60 ಸಾಲು ಬರುತ್ತದೆ. ಆದರೆ ಆ ಸಂಖ್ಯೆಯನ್ನು ಮೊದಲೇ ಗೊತ್ತುಮಾಡಿಕೊಂಡಿರಬೇಕು. ನಾಲ್ಕು ಸಂಖ್ಯೆ ಹಾಕಿ ನೋಡಿ ಅನುಕೂಲವಾದ ಪಟ್ಟಿಯನ್ನು ಇಟ್ಟುಕೊಂಡರೆ ಅದು ಕೈಯಿಂದ ಆರಿಸಿದಂತೆಯೇ.

ಮಾದರಿ ಕೈಗೆ ಬಂದ ಮೇಲೆ, ಆರಿಸಿದ ಪ್ರತಿ ಪಾವತಿಯಲ್ಲಿ ಕಂಡದ್ದನ್ನು ಬರೆದಿಡುವ ಪರಿಶೋಧನಾ ದಾಖಲೆ ಪಟ್ಟಿಯ ಕೆಲಸ. 60 ಸಾಲುಗಳನ್ನೂ ಮೊದಲೇ ಅದರಲ್ಲಿ ಇಳಿಸಿ, ಒಂದು ಪಾವತಿಗೆ ಒಂದೇ ಸಾಲು. ತಪ್ಪು ಸಿಕ್ಕವನ್ನಷ್ಟೇ ಬರೆದರೆ, ಉಳಿದವನ್ನು ನೋಡಿ ಸರಿ ಎಂದಿರೋ, ನೋಡಿಯೇ ಇಲ್ಲವೋ ಎಂಬುದು ತಿಳಿಯದು. ಕಾಲಂಗಳು ಇಷ್ಟಿದ್ದರೆ ಸಾಕು: ಮೂಲ ಪಟ್ಟಿಯ ಸಾಲು ಸಂಖ್ಯೆ, ಬಟವಾಡೆ, ಸದಸ್ಯ ಸಂಖ್ಯೆ, ಪಾವತಿಯಾದ ಮೊತ್ತ, ದಾಖಲೆ ಪ್ರಕಾರ ಬರಬೇಕಾದ ಮೊತ್ತ, ವ್ಯತ್ಯಾಸ, ತಪ್ಪಿನ ಬಗೆ, ಪುರಾವೆಯ ಪುಟ, ಸಂಘದ ಉತ್ತರ, ಈಗಿನ ಸ್ಥಿತಿ. ತಪ್ಪಿನ ಬಗೆಗೆ ಮೊದಲೇ ಗೊತ್ತುಮಾಡಿದ ನಾಲ್ಕೈದು ಸಂಕೇತಗಳಿರಲಿ: ಲೀಟರ್ ವ್ಯತ್ಯಾಸ, ದರ ವ್ಯತ್ಯಾಸ, ಬೇರೆಯವರ ಖಾತೆಗೆ ಜಮೆ, ದಾಖಲೆ ಇಲ್ಲ, ಸರಿ. ಒಂದು ಕಡೆ ‘ಲೀ. ತಪ್ಪು’, ಇನ್ನೊಂದು ಕಡೆ ‘ಹಾಲು ಹೆಚ್ಚು’ ಎಂದು ಬರೆದರೆ ಕೊನೆಗೆ ಎಣಿಸಲು ಆಗುವುದಿಲ್ಲ.

1,907ನೇ ಸಾಲು ಬಂತು ಎನ್ನೋಣ. ಅದು 15ನೇ ಬಟವಾಡೆ, ನವೆಂಬರ್ 1ರಿಂದ 15, ಸದಸ್ಯ 87. ಪಾವತಿ ₹4,356. ಹಾಲು ಸಂಗ್ರಹಣೆ ಪುಸ್ತಕದಲ್ಲಿ ಬೆಳಗ್ಗೆ, ಸಂಜೆಯ ಹಾಲನ್ನು ಕೂಡಿದರೆ 112 ಲೀಟರ್, ಸರಾಸರಿ ದರ ₹36. ಬರಬೇಕಾದ್ದು ₹4,032, ವ್ಯತ್ಯಾಸ ₹324. ಬಿಲ್ಲಿನಲ್ಲಿ 121 ಲೀಟರ್ ಎಂದಿದೆ. ಅಂಕಿ ತಿರುಗುಮುರುಗಾದಾಗ ಬರುವ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. ಇಲ್ಲಿ ಲೀಟರ್ ವ್ಯತ್ಯಾಸ 9 ಇರುವುದು ಕೈಬರಹದಿಂದ ಕಂಪ್ಯೂಟರಿಗೆ ಇಳಿಸುವಾಗಿನ ತಪ್ಪಿನ ಸುಳಿವು, ರುಜುವಾತಲ್ಲ. ದಾಖಲೆ ಪಟ್ಟಿಯಲ್ಲಿ ‘ಲೆಕ್ಕ ಸರಿಯಿಲ್ಲ’ ಎಂದು ಬರೆಯಬೇಡಿ. ‘ಪುಸ್ತಕದಲ್ಲಿ 112 ಲೀ., ಬಿಲ್ಲಿನಲ್ಲಿ 121 ಲೀ., ₹324 ಹೆಚ್ಚು ಪಾವತಿ’ ಎಂದು ಬರೆದು ಪುಸ್ತಕದ ಪುಟ ಸಂಖ್ಯೆ ಹಾಕಿ. ಕಾರಣ ಸಂಘದ ಉತ್ತರ ಬಂದ ಮೇಲೆ ಬರೆಯುವಂಥದ್ದು.

ಎಲ್ಲಕ್ಕಿಂತ ಹೆಚ್ಚು ಮಾದರಿ ಕೆಡುವುದು ಇನ್ನೊಂದು ಕಡೆ. ಒಂದು ಸಾಲಿನ ದಾಖಲೆ ಸಿಗುವುದಿಲ್ಲ. ‘ಆ ಪುಸ್ತಕ ಒಕ್ಕೂಟಕ್ಕೆ ಹೋಗಿದೆ ಸಾರ್, ಅದರ ಪಕ್ಕದ್ದು ನೋಡಿಕೊಳ್ಳಿ’ ಎಂಬ ಮಾತು ಬರುತ್ತದೆ. ಪಕ್ಕದ್ದನ್ನು ತೆಗೆದುಕೊಳ್ಳಬಾರದು. ಇಲ್ಲದ ದಾಖಲೆಯೇ ತಪ್ಪಿರುವ ದಾಖಲೆಯಾಗಿರುವ ಸಾಧ್ಯತೆ ಹೆಚ್ಚು. ಬದಲಿ ತೆಗೆದುಕೊಂಡ ಕ್ಷಣ ಮಾದರಿ ಸುಲಭವಾಗಿ ಸಿಗುವ ವೋಚರ್‌ಗಳ ಕಡೆಗೆ ವಾಲುತ್ತದೆ. ಗಡುವು ಕೊಡಿ, ಸ್ಥಿತಿ ಕಾಲಂನಲ್ಲಿ ‘ಬಾಕಿ’ ಎಂದು ಬರೆಯಿರಿ. ಗಡುವಿಗೂ ಬರದೆ, ಪಾವತಿಯನ್ನು ಬೇರೆ ದಾಖಲೆಯಿಂದ ಪರಿಶೀಲಿಸಲೂ ಆಗದಿದ್ದರೆ ಅದನ್ನು ತಪ್ಪು ಎಂದೇ ಎಣಿಸಬೇಕು. ಚಾರ್ಟರ್ಡ್ ಅಕೌಂಟೆಂಟ್‌ಗಳ ಸಂಸ್ಥೆಯ ಮಾನದಂಡ ಎಸ್‌ಎ 530 ಹೇಳುವುದೂ ಇದನ್ನೇ. ಆಯ್ಕೆಯಾದ ಸಾಲು ರದ್ದಾದ ವೋಚರ್ ಎಂದು ಸರಿಯಾಗಿ ರುಜುವಾತಾದರೆ ಮಾತ್ರ ಬದಲಿ ತೆಗೆದುಕೊಳ್ಳಬಹುದು.

60ರಲ್ಲಿ ಒಂದೂ ತಪ್ಪು ಸಿಗದಿದ್ದರೆ ಇಡೀ ಪಟ್ಟಿ ಸರಿ ಎಂದರ್ಥವಲ್ಲ. ತಪ್ಪಿನ ಪ್ರಮಾಣ ಶೇ. 5ಕ್ಕಿಂತ ಕಡಿಮೆ ಎಂದು ಶೇ. 95ರ ಭರವಸೆಯಿಂದ ಹೇಳಬಹುದು, ಅಷ್ಟೇ. ಲೀಟರ್ ತಿರುಗುಮುರುಗಾದದ್ದು ಒಂದು, ದಾಖಲೆ ಸಿಗದ್ದು ಒಂದು, ಹೀಗೆ ಎರಡು ಸಿಕ್ಕರೆ ಮಾದರಿಯಲ್ಲಿ ಪ್ರಮಾಣ ಶೇ. 3.3, ಆದರೆ ಅದೇ ಭರವಸೆಯಲ್ಲಿ ಇಡೀ ಪಟ್ಟಿಯಲ್ಲಿ ಅದು ಸುಮಾರು ಶೇ. 10ರವರೆಗೂ ಇರಬಹುದು, ಅಂದರೆ 3,120ರಲ್ಲಿ 310ರಷ್ಟು. ಆದ್ದರಿಂದ ₹324 ವಸೂಲಿಗೆ ಮಾತ್ರ ಬರೆದು ಕಡತ ಮುಚ್ಚುವುದು ಸರಿಯಲ್ಲ. ಆ ಬಟವಾಡೆಯ 130 ಬಿಲ್ಲುಗಳ ಲೀಟರನ್ನೂ ಪುಸ್ತಕದೊಂದಿಗೆ ತಾಳೆ ನೋಡಬೇಕು. ಹೀಗೆ ಹುಡುಕಿ ತೆಗೆದ 130ನ್ನು 60ರ ಮಾದರಿಗೆ ಸೇರಿಸಿ ಶೇಕಡಾ ಲೆಕ್ಕ ಹಾಕಬೇಡಿ, ಬೇರೆ ಹಾಳೆಯಲ್ಲಿಡಿ.

ಪಟ್ಟಿಯಲ್ಲೇ ಇಲ್ಲದ್ದು ಮಾದರಿಯಲ್ಲಿ ಬರಲಾರದು. ಹಾಲು ಹಾಕಿಯೂ ಹಣ ಬಾರದ ಸದಸ್ಯರನ್ನು ಪಾವತಿ ಪಟ್ಟಿ ತೋರಿಸುವುದಿಲ್ಲ. ಅದಕ್ಕೆ ಸಂಗ್ರಹಣೆ ಪುಸ್ತಕದಿಂದ ಇನ್ನೊಂದು ಮಾದರಿ ತೆಗೆದು, ಅಲ್ಲಿಂದ ಪಾವತಿಯ ಕಡೆಗೆ ಬರಬೇಕು.